‘ಓಪನ್ಸ್’ ಎಂದರೆ ತೆರೆಯುತ್ತಾರೆಯೋ, ತೆರೆದರೋ? ಇಂಗ್ಲಿಷ್ ತಲೆಬರಹಗಳು ಮತ್ತು ಉತ್ತರದ ಆಯ್ಕೆಗಳು

ಹಾವೇರಿಯ ಪರೀಕ್ಷಾರ್ಥಿ

ಎಲ್ಲರಿಗೂ ನಮಸ್ಕಾರ. ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ನಾನು ಈಗ ಬ್ಯಾಂಕ್ ಗುಮಾಸ್ತ ಹುದ್ದೆಯ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಇಂಗ್ಲಿಷ್ ವಿಭಾಗದಲ್ಲಿ ಉದ್ದನೆಯ ಗದ್ಯಭಾಗಗಳನ್ನು ಓದಿ ಉತ್ತರಿಸುವುದು ನನಗೆ ಅಷ್ಟು ಕಷ್ಟವೆನಿಸುವುದಿಲ್ಲ. ಆದರೆ ಪತ್ರಿಕೆಯ ತಲೆಬರಹವೊಂದನ್ನು ಕೊಟ್ಟು, ಅದರ ಅರ್ಥವನ್ನು ಸರಿಯಾಗಿ ಹೇಳುವ ವಾಕ್ಯ ಯಾವುದೆಂದು ಕೇಳಿದಾಗ ಮತ್ತೆ ಮತ್ತೆ ಎಡವುತ್ತಿದ್ದೇನೆ.

ನಿನ್ನೆಯ ಅಭ್ಯಾಸ ಪತ್ರಿಕೆಯಲ್ಲಿ ಇದ್ದ ತಲೆಬರಹ ‘ಸಿಎಂ ಓಪನ್ಸ್ ಬ್ರಿಡ್ಜ್’ ಎಂಬುದು. ಮುಖ್ಯಮಂತ್ರಿಗಳು ಸೇತುವೆಗಳನ್ನು ಉದ್ಘಾಟಿಸುವ ರೂಢಿಯವರು, ಸೇತುವೆಯೊಂದನ್ನು ಉದ್ಘಾಟಿಸಿದ್ದಾರೆ, ಉದ್ಘಾಟಿಸಲಿದ್ದಾರೆ, ಈಗ ಉದ್ಘಾಟಿಸುತ್ತಿದ್ದಾರೆ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ವಾಕ್ಯಗಳು ಆಯ್ಕೆಗಳಾಗಿದ್ದವು. ನಾನು ಮೂರನೆಯದನ್ನು ಗುರುತಿಸಿದೆ. ಸರಿ ಉತ್ತರ ಎರಡನೆಯದು. ಕ್ರಿಯಾಪದ ವರ್ತಮಾನ ಕಾಲದಲ್ಲಿ ಇರುವುದು ಕಣ್ಣಿಗೆ ಕಾಣುತ್ತಿರುವಾಗ ಉತ್ತರ ಭೂತಕಾಲಕ್ಕೆ ಹೋಗುವುದೇಕೆ? ಇದಕ್ಕೆ ನಂಬಬಹುದಾದ ನಿಯಮವಿದ್ದರೆ ದಯವಿಟ್ಟು ತಿಳಿಸಿ.

ದಾವಣಗೆರೆಯ ಸಹಪಾಠಿ

ನಮ್ಮ ತರಬೇತಿ ತರಗತಿಯಲ್ಲಿ ಇದನ್ನು ಬಹಳ ಸುಲಭವಾಗಿ ಹೇಳಿಕೊಟ್ಟಿದ್ದಾರೆ. ತಲೆಬರಹದಲ್ಲಿ ವರ್ತಮಾನ ಕಾಲ ಕಂಡರೆ ಅದನ್ನು ಭೂತಕಾಲವೆಂದು ಓದಬೇಕು, ಪ್ರತಿಯೊಂದು ನಾಮಪದದ ಮುಂದೆಯೂ ಬಿಟ್ಟುಹೋಗಿರುವ ‘ದ’ ಸೇರಿಸಬೇಕು, ಹಾಗೆ ಸಿಕ್ಕ ವಾಕ್ಯಕ್ಕೆ ಹೊಂದುವ ಆಯ್ಕೆಯನ್ನು ಗುರುತಿಸಬೇಕು. ನಾನು ಇದೇ ಕ್ರಮವನ್ನು ಅನುಸರಿಸುತ್ತಿದ್ದೇನೆ. ಹೆಚ್ಚಿನ ಪ್ರಶ್ನೆಗಳಲ್ಲಿ ಉತ್ತರ ಸರಿಯಾಗಿಯೇ ಬಂದಿದೆ.

ನಿವೃತ್ತ ಉಪಸಂಪಾದಕ, ಬೆಂಗಳೂರು

ನಾನು ಇಂಗ್ಲಿಷ್ ದಿನಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಬಹಳ ವರ್ಷ ತಲೆಬರಹ ಬರೆದವನು. ದಾವಣಗೆರೆಯವರು ಹೇಳಿದ ಕ್ರಮದಲ್ಲಿ ಅರ್ಧ ಸರಿಯಿದೆ, ಉಳಿದರ್ಧ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಹಾವೇರಿಯವರು ತಪ್ಪಿದ್ದಕ್ಕೆ ಅವರ ಇಂಗ್ಲಿಷ್ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಅವರು ಅದನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡ ಬಗೆಯೇ ಕಾರಣವಿರಬೇಕು. ‘ಓಪನ್ಸ್’ ಎಂಬುದನ್ನು ಅವರು ‘ಉದ್ಘಾಟಿಸುತ್ತಾರೆ’ ಎಂದು ಓದಿಕೊಂಡಿದ್ದಾರೆ. ನಮ್ಮ ಭಾಷೆಯಲ್ಲಿ ‘ಉದ್ಘಾಟಿಸುತ್ತಾರೆ’, ‘ಬರುತ್ತಾರೆ’, ‘ಕೊಡುತ್ತಾರೆ’ ಎಂಬ ರೂಪಗಳು ರೂಢಿಯನ್ನು ಹೇಳುವುದಕ್ಕೂ ಬರುತ್ತವೆ, ನಾಳೆ ನಡೆಯುವುದನ್ನು ಹೇಳುವುದಕ್ಕೂ ಬರುತ್ತವೆ. ‘ನಾಳೆ ಅಣ್ಣ ಬರುತ್ತಾನೆ’ ಎನ್ನುವುದು ನಮಗೆ ಸಹಜ ಮಾತು. ಹಾಗಾಗಿ ಆ ಕನ್ನಡ ರೂಪ ಮನಸ್ಸಿಗೆ ಬಂದ ಕೂಡಲೇ ಅರ್ಥ ತಾನಾಗಿಯೇ ಭವಿಷ್ಯದ ಕಡೆಗೆ ಜಾರುತ್ತದೆ, ಮೂರನೆಯ ಆಯ್ಕೆ ಸರಿಯೆಂದು ತೋರುತ್ತದೆ. ಕನ್ನಡ ಪತ್ರಿಕೆಗಳು ಇದೇ ಸುದ್ದಿಗೆ ‘ಸೇತುವೆ ಉದ್ಘಾಟಿಸಿದ ಸಿಎಂ’ ಎಂದೋ ‘ಸೇತುವೆ ಉದ್ಘಾಟನೆ’ ಎಂದೋ ತಲೆಬರಹ ಕೊಡುತ್ತವೆ. ನಡೆದುಹೋದ ಘಟನೆಗೆ ವರ್ತಮಾನದ ರೂಪ ಹಾಕುವ ಪದ್ಧತಿ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಇಂಗ್ಲಿಷ್ ತಲೆಬರಹವನ್ನು ಶಬ್ದಶಃ ಕನ್ನಡಕ್ಕೆ ತರದೆ, ನಮ್ಮ ಪತ್ರಿಕೆಯಲ್ಲಿ ಇದೇ ಸುದ್ದಿಗೆ ಏನು ಬರೆಯುತ್ತಿದ್ದರು ಎಂದು ಕೇಳಿಕೊಂಡು ನೋಡಿ.

1969ರ ಜುಲೈ 21ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ‘ಮೆನ್ ವಾಕ್ ಆನ್ ಮೂನ್’ ಎಂಬ ದೊಡ್ಡ ತಲೆಬರಹವಿತ್ತು. ಅದನ್ನು ಮನುಷ್ಯರು ಚಂದ್ರನ ಮೇಲೆ ನಡೆಯುತ್ತಾರೆ ಎಂದು ಓದಿದವರು ಯಾರೂ ಇರಲಾರರು, ಏಕೆಂದರೆ ಆ ನಡಿಗೆ ಹಿಂದಿನ ರಾತ್ರಿಯೇ ಮುಗಿದಿತ್ತು. ‘ಮೂನ್’ ಎಂಬುದರ ಮುಂದೆ ಇರಬೇಕಾದ ‘ದ’ ಕೂಡ ಅಲ್ಲಿ ಇಲ್ಲ.

ಹಾವೇರಿಯ ಪರೀಕ್ಷಾರ್ಥಿ

ನೀವು ಹೇಳಿದ್ದು ನಿಜ, ಸರ್. ನಾನು ಮನಸ್ಸಿನಲ್ಲಿ ‘ಉದ್ಘಾಟಿಸುತ್ತಾರೆ’ ಎಂದೇ ಹೇಳಿಕೊಂಡಿದ್ದೆ. ಹಾಗಾದರೆ ಮುಂದೆ ನಡೆಯುವುದನ್ನು ಅವರು ತಲೆಬರಹದಲ್ಲಿ ಹೇಗೆ ಹೇಳುತ್ತಾರೆ?

ನಿವೃತ್ತ ಉಪಸಂಪಾದಕ, ಬೆಂಗಳೂರು

ಅದಕ್ಕೆ ‘ಟು’ ಇದೆ. ‘ಸಿಎಂ ಟು ಓಪನ್ ಬ್ರಿಡ್ಜ್’ ಎಂದಿದ್ದರೆ ಉದ್ಘಾಟಿಸಲಿದ್ದಾರೆ ಎಂದರ್ಥ, ಮತ್ತು ಆಗ ನಿಮ್ಮ ಮೂರನೆಯ ಆಯ್ಕೆಯೇ ಸರಿ.

ಇದಕ್ಕೆ ಒಂದು ಅಪವಾದವಿದೆ. ‘ಸೆಷನ್ ಬಿಗಿನ್ಸ್ ಟುಡೇ’, ‘ಬ್ರಿಡ್ಜ್ ಓಪನ್ಸ್ ಮಂಡೇ’ ಎಂಬಂತೆ ಕಾಲಸೂಚಕ ಪದ ಜೊತೆಗಿದ್ದರೆ ಅದು ಸಾಮಾನ್ಯವಾಗಿ ಮೊದಲೇ ಗೊತ್ತುಪಡಿಸಿದ ಕಾರ್ಯಕ್ರಮ, ಇನ್ನೂ ನಡೆಯಬೇಕಾದದ್ದು. ನಡೆದುಹೋದ ಘಟನೆಗೆ ವರ್ತಮಾನ ರೂಪ ಬಳಸುವಾಗ ‘ಯೆಸ್ಟರ್ಡೇ’ ಎಂಬ ಪದವನ್ನು ಪಕ್ಕದಲ್ಲಿ ಇಡುವುದಿಲ್ಲ, ಏಕೆಂದರೆ ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ತಲೆಬರಹದಲ್ಲಿ ದಿನದ ಹೆಸರು ಕಂಡರೆ ಅವಸರಪಡದೆ ಇನ್ನೊಮ್ಮೆ ಓದಬೇಕು.

ದಾವಣಗೆರೆಯವರ ನಿಯಮ ಮುರಿಯುವುದು ಬೇರೊಂದು ಕಡೆ. ‘ಫಾರ್ಮರ್ಸ್ ವಾಂಟ್ ಬೆಟರ್ ಪ್ರೈಸ್’, ‘ಡ್ಯಾಂ ಲೆವೆಲ್ ರಿಮೇನ್ಸ್ ಲೋ’ ಎಂಬಂಥ ತಲೆಬರಹಗಳನ್ನು ನೋಡಿ. ರೈತರು ಈಗಲೂ ಉತ್ತಮ ಬೆಲೆ ಬಯಸುತ್ತಿದ್ದಾರೆ, ಅಣೆಕಟ್ಟೆಯ ಮಟ್ಟ ಈಗಲೂ ಕಡಿಮೆಯೇ ಇದೆ. ಉದ್ಘಾಟಿಸುವುದು, ಬಂಧಿಸುವುದು, ರಾಜೀನಾಮೆ ಕೊಡುವುದು ಒಂದು ಗಳಿಗೆಯಲ್ಲಿ ನಡೆದು ಮುಗಿಯುವ ಕ್ರಿಯೆಗಳು. ಅವು ವರ್ತಮಾನದಲ್ಲಿ ಕಂಡರೆ ಮುಗಿದಿವೆ ಎಂದು ಓದಬೇಕು. ಬಯಸುವುದು, ಇರುವುದು, ಉಳಿಯುವುದು ಸ್ಥಿತಿಗಳು. ಅವನ್ನು ಭೂತಕಾಲಕ್ಕೆ ತಳ್ಳಿದರೆ ರೈತರು ಈಗ ಬಯಸುತ್ತಿಲ್ಲ ಎಂಬ ಅರ್ಥ ಬಂದುಬಿಡುತ್ತದೆ.

ಶಿರಸಿಯ ಶಿಕ್ಷಕಿ

ಈ ಚರ್ಚೆ ಓದಿ ನನಗೆ ಕಳವಳವಾಯಿತು. ವರದಿ ಬರೆಯುವ ಪ್ರಶ್ನೆಯಲ್ಲಿ ಮಕ್ಕಳು ಹೀಗೆ ‘ಎ’, ‘ದ’ಗಳನ್ನು ಬಿಟ್ಟು ಬರೆದರೆ ಮೌಲ್ಯಮಾಪಕರು ಅಂಕ ಕಡಿತಗೊಳಿಸುತ್ತಾರೆ. ವ್ಯಾಕರಣ ತಪ್ಪಿದ ಇಂಗ್ಲಿಷನ್ನು ನಾವೇ ಅಭ್ಯಾಸ ಮಾಡಿಸುವುದು ಸರಿಯೇ?

ಹಾವೇರಿಯ ಪರೀಕ್ಷಾರ್ಥಿ

ಮೇಡಂ, ನನ್ನ ಪ್ರಶ್ನೆ ತಲೆಬರಹ ಬರೆಯುವುದರ ಬಗ್ಗೆ ಅಲ್ಲ, ಕೊಟ್ಟ ತಲೆಬರಹವನ್ನು ಓದಿ ಸರಿಯಾದ ಆಯ್ಕೆಯನ್ನು ಗುರುತಿಸುವುದರ ಬಗ್ಗೆ. ಆಯ್ಕೆಗಳಾಗಿ ಕೊಡುವ ವಾಕ್ಯಗಳು ಪೂರ್ಣ ವ್ಯಾಕರಣದಲ್ಲಿಯೇ ಇರುತ್ತವೆ.

ನಿವೃತ್ತ ಉಪಸಂಪಾದಕ, ಬೆಂಗಳೂರು

ಮೇಡಂ ಅವರ ಆತಂಕ ನನಗೆ ಅರ್ಥವಾಗುತ್ತದೆ. ವರದಿಯ ಒಳಗೆ ಬರೆಯುವಾಗ ಏನನ್ನೂ ಬಿಡಬಾರದು. ಆದರೆ ಇದನ್ನು ತಪ್ಪು ಇಂಗ್ಲಿಷ್ ಎನ್ನಲಾಗದು, ಇದಕ್ಕೆ ತನ್ನದೇ ಕಟ್ಟುನಿಟ್ಟಿದೆ. ಅದು ಹುಟ್ಟಿದ್ದು ಕಾಲಮ್ಮಿನ ಅಗಲದಿಂದ. ನಾವು ತಲೆಬರಹವನ್ನು ಅಕ್ಷರ ಎಣಿಸಿ ಬರೆಯುತ್ತಿದ್ದೆವು: ಸಾಧಾರಣ ಅಕ್ಷರಕ್ಕೆ ಒಂದು, ತೆಳ್ಳಗಿನ ಐ ಮತ್ತು ಎಲ್‌ಗಳಿಗೆ ಅರ್ಧ, ಅಗಲವಾದ ಎಂ ಮತ್ತು ಡಬ್ಲ್ಯೂಗಳಿಗೆ ಒಂದೂವರೆ. ‘ದ ಚೀಫ್ ಮಿನಿಸ್ಟರ್ ಹ್ಯಾಸ್ ಓಪನ್ಡ್ ಎ ಬ್ರಿಡ್ಜ್’ ಎಂಬ ಪೂರ್ಣ ವಾಕ್ಯಕ್ಕೆ, ಈ ಅರ್ಧ-ಒಂದೂವರೆಗಳನ್ನು ಬಿಟ್ಟು ಎಲ್ಲ ಅಕ್ಷರಕ್ಕೂ ಒಂದೊಂದೇ ಎಣಿಸಿದರೆ, ಇಂಗ್ಲಿಷಿನಲ್ಲಿ ನಡುವಿನ ಖಾಲಿ ಜಾಗವೂ ಸೇರಿ 38 ಸ್ಥಾನ ಬೇಕು. ‘ಸಿಎಂ ಓಪನ್ಸ್ ಬ್ರಿಡ್ಜ್’ ಎಂದರೆ 15ರಲ್ಲಿ ಮುಗಿಯುತ್ತದೆ. ಒಂದೇ ಕಾಲಮ್ಮಿನ ಸುದ್ದಿಯ ಮೇಲೆ ಮೊದಲನೆಯದು ಕೂರುವುದೇ ಇಲ್ಲ.

ಹೀಗೆ ವರ್ತಮಾನ ರೂಪವೇ ಭೂತಕಾಲದ ಕೆಲಸ ಮಾಡಲು ತೊಡಗಿದ್ದರಿಂದ ಇನ್ನೊಂದು ಪರಿಣಾಮವಾಯಿತು. ಕೊನೆಯಲ್ಲಿ ‘ಇಡಿ’ ಇರುವ ಭೂತಕಾಲದ ರೂಪಕ್ಕೆ ಕೆಲಸ ಉಳಿಯಲಿಲ್ಲ, ಅದು ಕರ್ಮಣಿ ಪ್ರಯೋಗಕ್ಕೆ ಮೀಸಲಾಯಿತು. ಪರೀಕ್ಷೆಯಲ್ಲಿ ಅತಿ ಹೆಚ್ಚು ಜನ ಬೀಳುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ‘ವಿಲೇಜರ್ಸ್ ಅಟ್ಯಾಕ್’ ಎಂದು ಆರಂಭವಾಗಿ ಮುಂದೆ ‘ಆಫಿಸರ್’ ಎಂದಿದ್ದರೆ ಗ್ರಾಮಸ್ಥರು ಅಧಿಕಾರಿಯ ಮೇಲೆ ಹಲ್ಲೆ ಮಾಡಿದ್ದಾರೆ. ‘ವಿಲೇಜರ್ಸ್ ಅಟ್ಯಾಕ್ಡ್’ ಎಂದಷ್ಟೇ ಇದ್ದರೆ ಗ್ರಾಮಸ್ಥರ ಮೇಲೆಯೇ ಹಲ್ಲೆಯಾಗಿದೆ. ಎರಡು ಅಕ್ಷರದ ವ್ಯತ್ಯಾಸದಲ್ಲಿ ಹೊಡೆದವರು ಹೊಡೆತ ತಿಂದವರಾಗುತ್ತಾರೆ.

ದಾವಣಗೆರೆಯ ಸಹಪಾಠಿ

ಇದು ನಮಗೆ ಯಾರೂ ಹೇಳಿರಲಿಲ್ಲ. ‘ವಿಲೇಜರ್ಸ್ ಅಟ್ಯಾಕ್ಡ್’ ಎಂಬುದನ್ನು ನಾನಾಗಿದ್ದರೆ ‘ಗ್ರಾಮಸ್ಥರು ಹಲ್ಲೆ ಮಾಡಿದರು’ ಎಂದೇ ಓದುತ್ತಿದ್ದೆ. ಎರಡರಲ್ಲಿ ಯಾವುದು ಎಂದು ಖಚಿತಪಡಿಸಿಕೊಳ್ಳುವುದು ಹೇಗೆ, ಸರ್?

ನಿವೃತ್ತ ಉಪಸಂಪಾದಕ, ಬೆಂಗಳೂರು

ಕ್ರಿಯಾಪದದ ಬಲಕ್ಕೆ ಏನಿದೆ ಎಂದು ನೋಡಿ. ಅಲ್ಲಿ ಅಲ್ಪವಿರಾಮವಿದ್ದರೆ, ಏನೂ ಇಲ್ಲದಿದ್ದರೆ, ಅಥವಾ ‘ಬೈ’, ‘ಇನ್’, ‘ಫಾರ್’, ‘ಓವರ್’ ಇವುಗಳಲ್ಲಿ ಒಂದು ಬಂದಿದ್ದರೆ, ಬಿಟ್ಟುಹೋದ ‘ವರ್’ ಅಥವಾ ‘ಹ್ಯಾವ್ ಬೀನ್’ ಸೇರಿಸಿ ಓದಿ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸೋಣ. ಇದು ನಾನೇ ಮಾಡಿದ ಪ್ರಶ್ನೆ, ತಲೆಬರಹ ಹೀಗಿದೆ:

‘ಫಾರ್ಮರ್ಸ್ ಅಟ್ಯಾಕ್ಡ್, ತ್ರೀ ಹೆಲ್ಡ್, ಮಿನಿಸ್ಟರ್ ಟು ವಿಸಿಟ್ ವಿಲೇಜ್’

ಆಯ್ಕೆಗಳ ಅರ್ಥವನ್ನು ಕನ್ನಡದಲ್ಲಿ ಕೊಡುತ್ತೇನೆ.
1. ರೈತರು ಮೂವರ ಮೇಲೆ ಹಲ್ಲೆ ಮಾಡಿ ಅವರನ್ನು ಹಿಡಿದಿಟ್ಟಿದ್ದಾರೆ. ಸಚಿವರು ಗ್ರಾಮಕ್ಕೆ ಬರಲಿದ್ದಾರೆ.
2. ರೈತರ ಮೇಲೆ ಹಲ್ಲೆಯಾಗಿದ್ದು, ಮೂವರನ್ನು ಬಂಧಿಸಲಾಗಿದೆ. ಸಚಿವರೊಬ್ಬರು ಗ್ರಾಮಕ್ಕೆ ಭೇಟಿ ನೀಡಲಿದ್ದಾರೆ.
3. ಹಲ್ಲೆಗೊಳಗಾದ ರೈತರಲ್ಲಿ ಮೂವರನ್ನು ಬಂಧಿಸಲಾಗಿದೆ. ಸಚಿವರು ಭೇಟಿ ನೀಡಲಿದ್ದಾರೆ.
4. ರೈತರ ಮೇಲೆ ಹಲ್ಲೆಯಾಗಿದೆ, ಮೂವರನ್ನು ಬಂಧಿಸಲಾಗಿದೆ; ಸಚಿವರು ಗ್ರಾಮಕ್ಕೆ ಭೇಟಿ ನೀಡಿದ್ದಾರೆ.

‘ಅಟ್ಯಾಕ್ಡ್’ ಎಂಬುದರ ಬಲಕ್ಕೆ ಅಲ್ಪವಿರಾಮವಿರುವುದರಿಂದ ಅದು ಕರ್ಮಣಿ. ಇಷ್ಟರಿಂದಲೇ ಮೊದಲ ಆಯ್ಕೆ ಹೋಯಿತು. ‘ಟು ವಿಸಿಟ್’ ಎಂದರೆ ಇನ್ನೂ ಆಗಬೇಕಾದದ್ದು, ಆದ್ದರಿಂದ ನಾಲ್ಕನೆಯದೂ ಹೋಯಿತು. ಉಳಿಯುವ ಎರಡರಲ್ಲಿ ಮೂರನೆಯದು ಜಾಣ್ಮೆಯಿಂದ ಹೆಣೆದ ಬಲೆ. ‘ತ್ರೀ ಹೆಲ್ಡ್’ ಎಂಬಲ್ಲಿ ಮೂವರು ಯಾರೆಂದು ಹೇಳಿಲ್ಲ. ಅವರು ರೈತರೇ ಎಂದು ತಲೆಬರಹ ಎಲ್ಲಿಯೂ ಹೇಳಿಲ್ಲವಾದ್ದರಿಂದ ಆ ಮಾಹಿತಿಯನ್ನು ಸೇರಿಸುವ ಆಯ್ಕೆ ತಪ್ಪು. ‘ಹೆಲ್ಡ್’ ಎಂದರೆ ನಮ್ಮ ಪತ್ರಿಕೆಗಳಲ್ಲಿ ‘ಬಂಧನ’ ಎಂದೇ ಅರ್ಥ. ಉತ್ತರ ಎರಡನೆಯದು.

ಮಂಗಳೂರಿನ ಕಚೇರಿ ಸಹಾಯಕ

ಬಂಧನದ ಮಾತು ಬಂದಿದ್ದರಿಂದ ನನ್ನ ಅನುಭವವನ್ನು ಹೇಳುತ್ತೇನೆ. ನಾನು ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಳಗಿನ ಇಂಗ್ಲಿಷ್ ಪತ್ರಿಕೆ ನೋಡಿ ಮುಖ್ಯ ಸುದ್ದಿಗಳನ್ನು ಕನ್ನಡದಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಒಂದು ದಿನ ‘ಎಸ್‌ಸಿ ಸ್ಟೇಸ್ ಎಚ್‌ಸಿ ಆರ್ಡರ್’ ಎಂಬ ತಲೆಬರಹವಿತ್ತು. ‘ಸ್ಟೇ’ ಎಂದರೆ ಉಳಿಯುವುದು ಎಂದು ಶಾಲೆಯಲ್ಲಿ ಕಲಿತಿದ್ದ ನಾನು ‘ಹೈಕೋರ್ಟ್ ಆದೇಶ ಉಳಿದಿದೆ’ ಎಂದು ಬರೆದಿಟ್ಟೆ. ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತ್ತು. ವಕೀಲರು ಕಕ್ಷಿದಾರರಿಗೆ ದೂರವಾಣಿ ಮಾಡುವ ಮೊದಲು ಸುದ್ದಿಯನ್ನು ಪೂರ್ತಿ ಓದಿದ್ದರಿಂದ ಅನಾಹುತವಾಗಲಿಲ್ಲ, ಆದರೆ ನಾನು ಬರೆದಿದ್ದ ಸಾಲನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಜಿನ ಮೇಲೆ ಇಟ್ಟಿದ್ದ ಆ ಹಾಳೆ ಈಗಲೂ ನನ್ನ ಬಳಿ ಇದೆ. ವಿಚಿತ್ರವೆಂದರೆ ‘ಸ್ಟೇ ತಂದಿದ್ದಾರೆ’ ಎಂದು ನಮ್ಮ ಊರಿನಲ್ಲಿ ಎಲ್ಲರೂ ಆಡುವ ಮಾತು ನನಗೂ ಗೊತ್ತಿತ್ತು. ತಲೆಬರಹದಲ್ಲಿ ಅದೇ ಪದ ಕ್ರಿಯಾಪದವಾಗಿ ಬಂದಾಗ ಗುರುತು ಸಿಗಲಿಲ್ಲ.

ಮಸ್ಕತ್‌ನಲ್ಲಿರುವ ಕನ್ನಡಿಗ

ನನ್ನ ಪ್ರಶ್ನೆ ‘ಎ’ ಮತ್ತು ‘ದ’ಗಳ ಕುರಿತದ್ದು. ಕನ್ನಡದಲ್ಲಿ ಅಂಥ ಪದಗಳೇ ಇಲ್ಲವಾದ್ದರಿಂದ ಅವು ಬಿಟ್ಟುಹೋಗಿರುವುದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತಲೆಬರಹ ಓದುವಾಗ ಅದು ಅನುಕೂಲವೇ ಇರಬಹುದು. ಆದರೆ ಆಯ್ಕೆಗಳಲ್ಲಿ ಒಂದರಲ್ಲಿ ‘ಎ ಮಿನಿಸ್ಟರ್’, ಇನ್ನೊಂದರಲ್ಲಿ ‘ದ ಮಿನಿಸ್ಟರ್’ ಎಂದಿದ್ದಾಗ ಏನು ಮಾಡಬೇಕು? ದಾವಣಗೆರೆಯವರು ಹೇಳಿದಂತೆ ಎಲ್ಲ ಕಡೆಯೂ ‘ದ’ ಹಾಕಿದರೆ ಸಾಕೇ?

ನಿವೃತ್ತ ಉಪಸಂಪಾದಕ, ಬೆಂಗಳೂರು

ಸಾಲದು. ತಲೆಬರಹವು ಸುದ್ದಿಯ ಮೊದಲ ಮಾತು. ಯಾವ ಸೇತುವೆ, ಯಾವ ಸಚಿವರು ಎಂದು ಓದುಗನಿಗೆ ಇನ್ನೂ ತಿಳಿದಿಲ್ಲ. ಹೊಸದಾಗಿ ಪರಿಚಯವಾಗುತ್ತಿರುವುದಕ್ಕೆ ‘ಎ’ ಹೊಂದುತ್ತದೆ, ಲೋಕದಲ್ಲಿ ಒಂದೇ ಇರುವುದಕ್ಕೆ ಅಥವಾ ಆ ರಾಜ್ಯದಲ್ಲಿ ಒಬ್ಬರೇ ಇರುವವರಿಗೆ ‘ದ’ ಹೊಂದುತ್ತದೆ. ಆದ್ದರಿಂದ ಮುಖ್ಯಮಂತ್ರಿಗೆ ‘ದ’, ಸೇತುವೆಗೆ ‘ಎ’, ಚಂದ್ರನಿಗೆ ‘ದ’. ‘ಫಾರ್ಮರ್ಸ್’ ಎಂಬ ಬಹುವಚನಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ‘ಆಲ್ ಫಾರ್ಮರ್ಸ್’ ಎಂದು ಆರಂಭವಾಗುವ ಆಯ್ಕೆ ಸಾಮಾನ್ಯವಾಗಿ ತಪ್ಪು, ಏಕೆಂದರೆ ತಲೆಬರಹ ಎಲ್ಲರೂ ಎಂದು ಹೇಳಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ವಿಷಯವಿದೆ. ‘ಲಿಟಲ್ ಹೋಪ್ ಫಾರ್ ಟ್ರ್ಯಾಪ್ಡ್ ವರ್ಕರ್ಸ್’ ಎಂಬ ತಲೆಬರಹವನ್ನು ತೆಗೆದುಕೊಳ್ಳಿ. ತಲೆಬರಹದಲ್ಲಿ ‘ಎ’ ಬಿಡುತ್ತಾರೆ ಎಂದು ಕಲಿತವರು ಇಲ್ಲಿಯೂ ಅದನ್ನು ಸೇರಿಸಿ, ಸಿಲುಕಿಕೊಂಡ ಕಾರ್ಮಿಕರು ಬದುಕುಳಿಯುವ ಬಗ್ಗೆ ಸ್ವಲ್ಪ ಭರವಸೆಯಿದೆ ಎಂಬ ಆಯ್ಕೆಯನ್ನು ಗುರುತಿಸುತ್ತಾರೆ. ‘ಲಿಟಲ್’ ಎಂದಷ್ಟೇ ಇದ್ದರೆ ಭರವಸೆ ಹೆಚ್ಚುಕಡಿಮೆ ಇಲ್ಲವೆಂದರ್ಥ. ‘ಫ್ಯೂ’ ಎಂಬುದಕ್ಕೂ ಇದೇ ಮಾತು. ಇಲ್ಲಿ ‘ಎ’ ಬಿಟ್ಟರೆ ಅರ್ಥವೇ ತಿರುಗುವುದರಿಂದ, ಎಷ್ಟೇ ಜಾಗದ ಕೊರತೆಯಿದ್ದರೂ ಎಚ್ಚರಿಕೆಯ ಉಪಸಂಪಾದಕ ಅದನ್ನು ಬಿಡುವುದಿಲ್ಲ. ಜಾಗ ಸಾಲದಿದ್ದರೆ ‘ಸಮ್’ ಎಂದು ಬದಲಿಸುತ್ತಾನೆ. ಒಳಗೆ ಸಿಕ್ಕಿಕೊಂಡವರ ಮನೆಯವರು ಓದುವ ಸುದ್ದಿ ಅದು. ಅಲ್ಲಿ ಒಂದಕ್ಷರ ತಪ್ಪುವುದು ಸಣ್ಣ ತಪ್ಪಲ್ಲ.

ಶಿರಸಿಯ ಶಿಕ್ಷಕಿ

ನಾನು ಮೊದಲು ಪ್ರಶ್ನೆಯನ್ನು ಸರಿಯಾಗಿ ಗ್ರಹಿಸಿರಲಿಲ್ಲ, ಕ್ಷಮೆಯಿರಲಿ. ಈಗ ನನ್ನದೂ ಒಂದು ಸಂದೇಹವಿದೆ. ‘ಸಿಎಂ ಓಪನ್ಸ್ ಬ್ರಿಡ್ಜ್’ ಎಂಬುದಕ್ಕೆ ‘ಹ್ಯಾಸ್ ಓಪನ್ಡ್’ ಮತ್ತು ‘ಓಪನ್ಡ್’ ಎರಡೂ ಆಯ್ಕೆಯಾಗಿದ್ದರೆ ಯಾವುದು ಸರಿ? ಮಕ್ಕಳು ಕೇಳಿದಾಗ ನಾನು ಮೊದಲನೆಯದು ಎಂದಿದ್ದೇನೆ.

ನಿವೃತ್ತ ಉಪಸಂಪಾದಕ, ಬೆಂಗಳೂರು

ಕೆಳಗಿನ ಸುದ್ದಿಯಲ್ಲಿ ‘ಆನ್ ಮಂಡೇ’ ಎಂದು ದಿನ ಕೊಟ್ಟಿದ್ದು, ಆಯ್ಕೆಯಲ್ಲಿಯೂ ಆ ದಿನ ಇದ್ದರೆ ‘ಓಪನ್ಡ್’ ಮಾತ್ರ ಸರಿ, ಏಕೆಂದರೆ ‘ಹ್ಯಾಸ್ ಓಪನ್ಡ್’ ಜೊತೆಗೆ ಕಳೆದುಹೋದ ದಿನವನ್ನು ಹೇಳುವಂತಿಲ್ಲ. ದಿನವೇ ಇಲ್ಲದಿದ್ದರೆ ನಾನೂ ನಿಮ್ಮಂತೆ ಮೊದಲನೆಯದನ್ನೇ ಆರಿಸುತ್ತೇನೆ, ತಾಜಾ ಸುದ್ದಿಗೆ ಅದು ಹೆಚ್ಚು ಹೊಂದುತ್ತದೆ.

ಮಸ್ಕತ್‌ನಲ್ಲಿರುವ ಕನ್ನಡಿಗ

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಬಳಕೆಯಲ್ಲಿ ತಾಜಾ ಸುದ್ದಿಗೂ ‘ಓಪನ್ಡ್’ ಎಂಬ ಸರಳ ರೂಪವೇ ಸಹಜವಾಗಿ ಬರುತ್ತದೆ. ಎರಡನ್ನೂ ಆಯ್ಕೆಯಾಗಿ ಕೊಟ್ಟು ದಿನವನ್ನು ಕೊಡದಿದ್ದರೆ ಪ್ರಶ್ನೆಯೇ ದೋಷಪೂರ್ಣವೆಂದು ನನ್ನ ಅಭಿಪ್ರಾಯ. ಅದರ ಭಾರವನ್ನು ವಿದ್ಯಾರ್ಥಿ ಹೊರಬಾರದು.

ದಾವಣಗೆರೆಯ ಸಹಪಾಠಿ

ಒಂದೇ ತಲೆಬರಹದಲ್ಲಿ ‘ಇಡಿ’ ರೂಪವೂ ವರ್ತಮಾನ ರೂಪವೂ ಇದ್ದರೆ ಯಾವುದನ್ನು ಮುಖ್ಯ ಕ್ರಿಯಾಪದವೆಂದು ಹಿಡಿಯಬೇಕು, ಸರ್?

ನಿವೃತ್ತ ಉಪಸಂಪಾದಕ, ಬೆಂಗಳೂರು

ವರ್ತಮಾನ ರೂಪದ್ದನ್ನು. ‘ಮ್ಯಾನ್ ಅಕ್ಯೂಸ್ಡ್ ಆಫ್ ಥೆಫ್ಟ್ ಎಸ್ಕೇಪ್ಸ್’ ಎಂಬಲ್ಲಿ ತಪ್ಪಿಸಿಕೊಂಡದ್ದು ಸುದ್ದಿ. ‘ಅಕ್ಯೂಸ್ಡ್’ ಎಂಬುದು ಅವನು ಯಾರೆಂದು ಹೇಳುವ ವಿಶೇಷಣ. ಕನ್ನಡದಲ್ಲಿ ‘ಕಳವಿನ ಆರೋಪಿ ಪರಾರಿ’ ಎನ್ನುತ್ತೇವೆ.

ಇದನ್ನು ಹಿಡಿಯಲಾಗದೆ ಇಂಗ್ಲಿಷ್ ಮಾತೃಭಾಷೆಯವರೇ ತಡವರಿಸಿದ ಪ್ರಸಂಗವಿದೆ. 2009ರಲ್ಲಿ ಜಪಾನಿನ ಇಂಗ್ಲಿಷ್ ಸುದ್ದಿತಾಣವೊಂದರಲ್ಲಿ ‘ವಯಲಿನಿಸ್ಟ್ ಲಿಂಕ್ಡ್ ಟು ಜೆಎಎಲ್ ಕ್ರ್ಯಾಶ್ ಬ್ಲಾಸಮ್ಸ್’ ಎಂಬ ತಲೆಬರಹ ಬಂದಿತು. 1985ರಲ್ಲಿ 520 ಜನ ಸತ್ತ ಜಪಾನ್ ಏರ್‌ಲೈನ್ಸ್ ವಿಮಾನ ದುರಂತದಲ್ಲಿ ತಂದೆಯನ್ನು ಕಳೆದುಕೊಂಡ ಪಿಟೀಲು ವಾದಕಿಯೊಬ್ಬರು ಕಲಾವಿದೆಯಾಗಿ ಬೆಳಗುತ್ತಿದ್ದಾರೆ ಎಂಬುದು ಸುದ್ದಿ. ‘ಬ್ಲಾಸಮ್ಸ್’ ಇಲ್ಲಿ ಕ್ರಿಯಾಪದ. ಆದರೆ ಓದಿದವರು ಅದನ್ನು ಬಹುವಚನದ ನಾಮಪದವೆಂದು ಹಿಡಿದು, ‘ಕ್ರ್ಯಾಶ್ ಬ್ಲಾಸಮ್ಸ್’ ಎಂಬ ಹೂವು ಯಾವುದೆಂದು ತಬ್ಬಿಬ್ಬಾದರು. ದಾರಿ ತಪ್ಪಿಸುವ ತಲೆಬರಹಗಳಿಗೆ ಇಂಗ್ಲಿಷಿನಲ್ಲಿ ಆ ಎರಡು ಪದಗಳೇ ಹೆಸರಾಗಿ ನಿಂತಿವೆ. ಇಂಗ್ಲಿಷಿನಲ್ಲಿ ಬಹುವಚನದ ನಾಮಪದಕ್ಕೂ ಏಕವಚನ ಕರ್ತೃವಿನ ಕ್ರಿಯಾಪದಕ್ಕೂ ಕೊನೆಯಲ್ಲಿ ಅದೇ ‘ಎಸ್’ ಬರುವುದೇ ಈ ಗೊಂದಲದ ಮೂಲ.

ಹಾವೇರಿಯ ಪರೀಕ್ಷಾರ್ಥಿ

ಇಂದು ಬೆಳಿಗ್ಗೆ ಹಳೆಯ ಅಭ್ಯಾಸ ಪತ್ರಿಕೆಗಳನ್ನು ತೆಗೆದು, ತಪ್ಪಾದ ತಲೆಬರಹ ಪ್ರಶ್ನೆಗಳನ್ನೆಲ್ಲ ಮತ್ತೆ ಬಿಡಿಸಿದೆ. ಪ್ರತಿಯೊಂದನ್ನೂ ಮೊದಲು ಕನ್ನಡ ಪತ್ರಿಕೆಯ ತಲೆಬರಹದಂತೆ ಅಂಚಿನಲ್ಲಿ ಬರೆದುಕೊಂಡು, ಆಮೇಲೆ ಆಯ್ಕೆಗಳನ್ನು ನೋಡಿದೆ. ಹನ್ನೊಂದು ಪ್ರಶ್ನೆಗಳಲ್ಲಿ ಒಂಬತ್ತು ಸರಿಯಾದವು. ಒಂದರಲ್ಲಿ ‘ಟು’ ಗಮನಿಸದೆ ತಪ್ಪಿದೆ. ಇನ್ನೊಂದು ಮಾತ್ರ ಈಗಲೂ ಬಗೆಹರಿಯುತ್ತಿಲ್ಲ: ‘ಫೇರ್ ಕಟ್ ಟು ಹೆಲ್ಪ್ ಸ್ಟೂಡೆಂಟ್ಸ್’. ವಿದ್ಯಾರ್ಥಿಗಳಿಗೆ ನೆರವಾಗಲೆಂದು ಪ್ರಯಾಣದರ ಇಳಿಸಲಾಗಿದೆ ಎಂದು ನಾನು ಗುರುತಿಸಿದೆ. ದರ ಇಳಿಕೆಯಿಂದ ವಿದ್ಯಾರ್ಥಿಗಳಿಗೆ ನೆರವಾಗಲಿದೆ ಎಂಬುದನ್ನು ಸರಿ ಉತ್ತರವೆಂದು ಕೊಟ್ಟಿದ್ದಾರೆ.

ನಿವೃತ್ತ ಉಪಸಂಪಾದಕ, ಬೆಂಗಳೂರು

‘ಕಟ್’ ಎಂಬ ಪದಕ್ಕೆ ವರ್ತಮಾನ, ಭೂತ, ಕರ್ಮಣಿ ಮೂರರಲ್ಲಿಯೂ ಅದೇ ರೂಪ, ಜೊತೆಗೆ ಅದು ನಾಮಪದವೂ ಹೌದು. ‘ಹಿಟ್’, ‘ಹರ್ಟ್’, ‘ಶಟ್’ ಕೂಡ ಹೀಗೆಯೇ ರೂಪ ಬದಲಿಸದವು. ‘ಕಟ್’ ಕ್ರಿಯಾಪದವಾದರೆ ‘ಟು’ ಉದ್ದೇಶವನ್ನು ಹೇಳುತ್ತದೆ, ನಿಮ್ಮ ಉತ್ತರ ಸರಿ. ‘ಫೇರ್ ಕಟ್’ ಎಂಬುದು ಒಂದೇ ನಾಮಪದವಾದರೆ ‘ಟು’ ಭವಿಷ್ಯವನ್ನು ಹೇಳುತ್ತದೆ, ಅವರ ಉತ್ತರ ಸರಿ. ತಲೆಬರಹವೊಂದನ್ನೇ ಇಟ್ಟುಕೊಂಡು ಇದನ್ನು ತೀರ್ಮಾನಿಸಲು ನನಗೂ ಆಗುವುದಿಲ್ಲ. ಅದರ ಕೆಳಗೆ ಗದ್ಯಭಾಗವೇನಾದರೂ ಇತ್ತೇ?

ಹಾವೇರಿಯ ಪರೀಕ್ಷಾರ್ಥಿ

ಇರಲಿಲ್ಲ, ಸರ್. ತಲೆಬರಹ ಮತ್ತು ನಾಲ್ಕು ಆಯ್ಕೆಗಳು ಮಾತ್ರ ಇದ್ದವು.